ಚಂದಾ ದರ ಏರಿದ ತಿಂಗಳು ಬಿಟ್ಟುಹೋದವರು ಏನನ್ನು ಹೇಳುತ್ತಾರೆ, ಏನನ್ನು ಹೇಳುವುದಿಲ್ಲ

2011ರ ಜುಲೈ 12ರಂದು ನೆಟ್‌ಫ್ಲಿಕ್ಸ್ ತನ್ನ ಅಮೆರಿಕದ ಚಂದಾ ಯೋಜನೆಯನ್ನು ಎರಡಾಗಿ ಒಡೆಯಿತು. ಅಲ್ಲಿಯವರೆಗೆ ತಿಂಗಳಿಗೆ 9.99 ಡಾಲರ್ ಕೊಟ್ಟರೆ ಆನ್‌ಲೈನ್ ಸ್ಟ್ರೀಮಿಂಗ್ ಸಿಗುತ್ತಿತ್ತು, ಅಂಚೆಯಲ್ಲಿ ಒಂದು ಡಿವಿಡಿಯೂ ಬರುತ್ತಿತ್ತು. ಹೊಸ ದರದಲ್ಲಿ ಸ್ಟ್ರೀಮಿಂಗ್‌ಗೆ 7.99, ಡಿವಿಡಿಗೆ 7.99. ಎರಡೂ ಬೇಕೆಂದರೆ 15.98 ಡಾಲರ್, ಅಂದರೆ ಶೇ 60ರಷ್ಟು ಜಾಸ್ತಿ. ಹಳೆಯ ಚಂದಾದಾರರಿಗೆ ಇದು ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಜೂನ್ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು 2.46 ಕೋಟಿ ಇದ್ದ ಚಂದಾದಾರರು ಸೆಪ್ಟೆಂಬರ್ ಕೊನೆಗೆ 2.38 ಕೋಟಿಗೆ ಇಳಿದರು. ಎಂಟು ಲಕ್ಷ ಜನ ಕಡಿಮೆಯಾದರು.

ಬೆಲೆ ಏರಿಸಿದಾಗ ಎಷ್ಟು ಜನ ಬಿಟ್ಟುಹೋಗುತ್ತಾರೆ ಎಂದು ಅಳೆಯುವವರಿಗೆ ಇದು ಇವತ್ತಿಗೂ ಮೊದಲು ನೆನಪಾಗುವ ಉದಾಹರಣೆ. ಲೆಕ್ಕ ಸುಲಭ ಎಂದೇ ಕಾಣುತ್ತದೆ. ಬೆಲೆ ಶೇ 60 ಏರಿತು, ಚಂದಾದಾರರು ಶೇ 3.3 ಇಳಿದರು. ಭಾಗಿಸಿದರೆ ಸುಮಾರು -0.05. ಅಂದರೆ ಜನ ಬೆಲೆಗೆ ಹೆಚ್ಚುಕಡಿಮೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ ಎಂದಾಯಿತು. ಈ ತೀರ್ಮಾನ ತಪ್ಪು. ಎಲ್ಲಿ ತಪ್ಪು ಎಂದು ಹುಡುಕುತ್ತ ಹೋದರೆ ಇಡೀ ವಿಷಯ ಅರ್ಥವಾಗುತ್ತದೆ.

ಮೊದಲ ತೊಂದರೆ ಶೇ 60 ಎಂಬ ಅಂಕಿಯಲ್ಲೇ ಇದೆ. ಎರಡೂ ಸೇವೆಯನ್ನು ಇಟ್ಟುಕೊಂಡವರಿಗೆ ಮಾತ್ರ ಅಷ್ಟು ಏರಿಕೆ. ಡಿವಿಡಿ ಬಿಟ್ಟು ಬರೀ ಸ್ಟ್ರೀಮಿಂಗ್ ಇಟ್ಟುಕೊಂಡವರು ಮೊದಲಿಗಿಂತ ಎರಡು ಡಾಲರ್ ಕಡಿಮೆ ಕೊಟ್ಟರು. ಅವರು ಬಿಟ್ಟುಹೋದವರ ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಬೆಲೆಗೆ ಪ್ರತಿಕ್ರಿಯೆ ತೋರಿಸಿದವರು ಅವರೇ. ಎರಡನೆಯದು ಸಮಯ. ಹಳಬರಿಗೆ ಹೊಸ ದರ ತಟ್ಟಿದ್ದು ಆ ತ್ರೈಮಾಸಿಕದ ಕೊನೆಯ ತಿಂಗಳಲ್ಲಿ. ಮುಂದಿನ ಮೂರು ತಿಂಗಳಲ್ಲಿ ಡಿವಿಡಿ ಚಂದಾದಾರರು 1.39 ಕೋಟಿಯಿಂದ 1.12 ಕೋಟಿಗೆ ಕುಸಿದರು. ಅದೇ ಹೊತ್ತಿನಲ್ಲಿ ಒಟ್ಟು ಚಂದಾದಾರರು 2.44 ಕೋಟಿಗೆ ಏರಿದ್ದರು! ತಲೆ ಎಣಿಸಿದರೆ ಗಾಯ ಮಾಯುತ್ತಿದೆ ಎನಿಸುತ್ತದೆ, ಯೋಜನೆಗಳನ್ನು ಎಣಿಸಿದರೆ ಹೊಡೆತ ಆಗಷ್ಟೇ ಬೀಳುತ್ತಿತ್ತು.

ಮೂರನೆಯದು ಹೋಲಿಕೆ. ಏರಿಕೆಗೆ ಮುಂಚಿನ ತ್ರೈಮಾಸಿಕದಲ್ಲಿ ಕಂಪನಿಗೆ ನಿವ್ವಳವಾಗಿ ಸುಮಾರು 18 ಲಕ್ಷ ಜನ ಸೇರಿದ್ದರು. ಬೆಲೆ ಏರದಿದ್ದರೆ ಚಂದಾದಾರರು 2.46 ಕೋಟಿಯಲ್ಲೇ ನಿಂತಿರುತ್ತಿರಲಿಲ್ಲ, ಅಲ್ವಾ? ಹಾಗಾಗಿ ನಷ್ಟವನ್ನು ಸೊನ್ನೆಯಿಂದಲ್ಲ, ಆಗಬೇಕಿದ್ದ ಬೆಳವಣಿಗೆಯಿಂದ ಅಳೆಯಬೇಕು. ಇದರ ಮೇಲೆ ಸೆಪ್ಟೆಂಬರ್ 18ರಂದು ಡಿವಿಡಿ ವ್ಯವಹಾರವನ್ನು ‘ಕ್ವಿಕ್‌ಸ್ಟರ್’ ಎಂಬ ಬೇರೆ ಹೆಸರಿಗೆ ವರ್ಗಾಯಿಸುವ ಘೋಷಣೆ ಬಂತು. ಅಕ್ಟೋಬರ್ 10ಕ್ಕೆ ಅದನ್ನು ಕೈಬಿಡಲಾಯಿತು. ಆ ದಿನಗಳಲ್ಲಿ ಬಿಟ್ಟವರು ಬೆಲೆಗೆ ಬಿಟ್ಟರೋ ಗೊಂದಲಕ್ಕೆ ಬಿಟ್ಟರೋ ಎಂದು ಒಟ್ಟು ಅಂಕಿಯಿಂದ ಬೇರ್ಪಡಿಸಲು ದಾರಿಯೇ ಇಲ್ಲ.

ಈ ತೊಡಕಿನ ಬೇರು ಹಳೆಯದು. ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ ಈಗಿನ ರೂಪ ಕೊಟ್ಟವರು ಆಲ್ಫ್ರೆಡ್ ಮಾರ್ಷಲ್, 1890ರಲ್ಲಿ. ಬೆಲೆ ಶೇ 1 ಬದಲಾದರೆ ಕೊಳ್ಳುವ ಪ್ರಮಾಣ ಶೇ ಎಷ್ಟು ಬದಲಾಗುತ್ತದೆ ಎಂಬುದು ಆ ಅಳತೆ. ಪ್ರತಿ ಸಲವೂ ಹೊಸದಾಗಿ ನಿರ್ಧರಿಸಿ ಕೊಳ್ಳುವ ಸರಕಿಗೆ ಅದು ಚೆನ್ನಾಗಿ ಹೊಂದುತ್ತದೆ. ಚಂದಾ ಹಾಗಲ್ಲ. ಒಮ್ಮೆ ಸೇರಿದರೆ ಸುಮ್ನೆ ಇದ್ದರೂ ಹಣ ಕಟ್ಟಾಗುತ್ತಲೇ ಇರುತ್ತದೆ. ನಿರ್ಧಾರ ಮಾಡಬೇಕಾದದ್ದು ಬಿಡುವವರು ಮಾತ್ರ. 1970ರ ದಶಕದಲ್ಲಿ ದೂರವಾಣಿ ಬೇಡಿಕೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಇದೇ ಕಾರಣಕ್ಕೆ ಸಂಪರ್ಕ ಇಟ್ಟುಕೊಳ್ಳುವ ಬೇಡಿಕೆಯನ್ನೂ ಕರೆ ಮಾಡುವ ಬೇಡಿಕೆಯನ್ನೂ ಬೇರೆ ಬೇರೆಯಾಗಿ ಅಳೆಯತೊಡಗಿದರು. ಡಿಜಿಟಲ್ ಚಂದಾಗಳು ಬಂದಾಗ ಪ್ರತಿ ತಿಂಗಳು ಬಿಟ್ಟುಹೋಗುವವರ ಪ್ರಮಾಣ, ಅಂದರೆ ಚರ್ನ್, ಕೈಗೆ ಸುಲಭವಾಗಿ ಸಿಕ್ಕಿತು. ಸಿಕ್ಕಿದ್ದನ್ನೇ ಸ್ಥಿತಿಸ್ಥಾಪಕತ್ವ ಎಂದುಕೊಳ್ಳುವ ಅಭ್ಯಾಸವೂ ಜೊತೆಗೇ ಬಂತು.

ಎರಡರ ನಡುವಿನ ಅಂತರ ಎಷ್ಟು ಎಂದು ಒಂದು ಕಲ್ಪಿತ ಸೇವೆಯ ಲೆಕ್ಕದಲ್ಲಿ ನೋಡೋಣ. 1,00,000 ಚಂದಾದಾರರಿದ್ದಾರೆ. ತಿಂಗಳಿಗೆ ಶೇ 4 ಜನ ಬಿಡುತ್ತಾರೆ, 4,000 ಹೊಸಬರು ಸೇರುತ್ತಾರೆ. ಹೋಗುವವರೂ ಬರುವವರೂ ಸಮ, ಆದ್ದರಿಂದ ಸಂಖ್ಯೆ ನಿಂತಲ್ಲೇ ನಿಂತಿದೆ. ಈಗ ಬೆಲೆ ಶೇ 20 ಏರುತ್ತದೆ. ಮೊದಲ ತಿಂಗಳು ಚರ್ನ್ ಶೇ 9ಕ್ಕೆ ಹಾರುತ್ತದೆ, ಎರಡನೆಯ ತಿಂಗಳು ಶೇ 6, ಮೂರನೆಯದರಲ್ಲಿ ಶೇ 4.8. ಆಮೇಲೆ ಶೇ 4.4ರಲ್ಲಿ ನೆಲೆಗೊಳ್ಳುತ್ತದೆ. ಹೊಸಬರ ಸಂಖ್ಯೆ ಮೊದಲ ತಿಂಗಳಿನಿಂದಲೇ 3,800ಕ್ಕೆ ಇಳಿಯುತ್ತದೆ.

ಮೊದಲ ತಿಂಗಳ ಶೇ 9 ನೋಡಿ ಗಾಬರಿಯಾಗುವುದು ಸಹಜ. ಅದು ಹಾಗೇ ಮುಂದುವರಿದರೆ ಕೊನೆಗೆ ಉಳಿಯುವವರು 42,000 ಮಾತ್ರ. ಆದರೆ ಆ ಜಿಗಿತದಲ್ಲಿ ಬೇರೆ ಬೇರೆ ಬಗೆಯ ಜನ ಸೇರಿಕೊಂಡಿರುತ್ತಾರೆ. ಹೇಗೂ ಇನ್ನೆರಡು ತಿಂಗಳಲ್ಲಿ ಬಿಡುವವರಿದ್ದವರು ಈಗಲೇ ಬಿಟ್ಟಿರುತ್ತಾರೆ. ಚಂದಾ ಇರುವುದನ್ನೇ ಮರೆತಿದ್ದವರು ದರ ಏರಿಕೆಯ ಇಮೇಲ್ ನೋಡಿ ಎಚ್ಚೆತ್ತಿರುತ್ತಾರೆ. ನಿಜವಾಗಿ ಬೆಲೆ ಜಾಸ್ತಿಯಾಯಿತು ಎಂದು ಹೋದವರು ಇವರ ನಡುವೆ ಎಲ್ಲೋ ಇರುತ್ತಾರೆ. ಮರೆತಿದ್ದವರು ಒಂದೇ ಸಲ ಹೋಗಬಲ್ಲರು, ಮುಂದಿನ ತಿಂಗಳು ಮತ್ತೆ ಹೋಗಲು ಅವರು ಅಲ್ಲಿರುವುದಿಲ್ಲ.

ದೀರ್ಘಕಾಲದ ಚಿತ್ರಕ್ಕೆ ಒಂದು ಸರಳ ಸೂತ್ರ ಸಾಕು. ಸಂಖ್ಯೆ ಕೊನೆಗೆ ನಿಲ್ಲುವ ಮಟ್ಟ ಅಂದರೆ ತಿಂಗಳ ಹೊಸಬರನ್ನು ಚರ್ನ್‌ನಿಂದ ಭಾಗಿಸಿದಷ್ಟು. ಏರಿಕೆಗೆ ಮುಂಚೆ 4,000 ÷ 0.04, ಅಂದರೆ 1,00,000. ಆಮೇಲೆ 3,800 ÷ 0.044, ಅಂದರೆ ಸುಮಾರು 86,400. ಇಳಿಕೆ ಶೇ 13.6. ಅದನ್ನು 20ರಿಂದ ಭಾಗಿಸಿದರೆ -0.68. ಮೊದಲ ತಿಂಗಳುಗಳ ಜಿಗಿತ ಈ ಸೂತ್ರದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಅದು ಅಲ್ಲಿಗೆ ಎಷ್ಟು ಬೇಗ ತಲುಪುತ್ತೇವೆ ಎಂಬುದನ್ನು ಬದಲಿಸುತ್ತದೆ, ಎಲ್ಲಿಗೆ ತಲುಪುತ್ತೇವೆ ಎಂಬುದನ್ನಲ್ಲ. ಶೇ 9ರ ಬಗ್ಗೆ ಮೀಟಿಂಗ್ ಮೇಲೆ ಮೀಟಿಂಗ್ ನಡೆಯುತ್ತದೆ. ಶೇ 4 ಹೋಗಿ ಶೇ 4.4 ಆದದ್ದನ್ನು ಯಾರೂ ಕೇಳುವುದಿಲ್ಲ. ಆದರೆ ಮುಖ್ಯವಾದದ್ದು ಎರಡನೆಯದು.

ಹೊಸಬರ ವಿಷಯವೂ ಹಾಗೇ ಮರೆಯಾಗುತ್ತದೆ. ಹೊಸಬರು ಕಡಿಮೆಯಾಗಿರದಿದ್ದರೆ ಸಂಖ್ಯೆ 90,900ರಲ್ಲಿ ನಿಲ್ಲುತ್ತಿತ್ತು, ಉತ್ತರ -0.45 ಆಗುತ್ತಿತ್ತು. ಬರೀ ಚರ್ನ್ ನೋಡಿದವರಿಗೆ ಸಿಗುವ ಉತ್ತರ ಅದೇ. ಹೊಸ ಬೆಲೆ ನೋಡಿ ಸೇರದೇ ಹೋದವರು ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಇನ್ನು ಕಾಯುವ ಪ್ರಶ್ನೆ. ಇದೇ ಸೇವೆಯಲ್ಲಿ ಮೂರು ತಿಂಗಳಾದ ಮೇಲೆ ಉಳಿದವರು ಸುಮಾರು 92,300, ಒಂದು ವರ್ಷದ ಕೊನೆಗೆ ಸುಮಾರು 90,300. ಹಾಗಾಗಿ ಮೂರು ತಿಂಗಳಿಗೆ ಅಳೆದರೆ ಉತ್ತರ -0.39, ವರ್ಷಕ್ಕೆ -0.49, ಪೂರ್ತಿ ನೆಲೆಗೊಂಡಾಗ -0.68. ಒಂದೇ ಏರಿಕೆ, ಅವೇ ಜನ, ಮೂರು ಅಂಕಿ. ಯಾವ ಅವಧಿಯದು ಎಂದು ಹೇಳದೆ ಕೊಟ್ಟ ಸ್ಥಿತಿಸ್ಥಾಪಕತ್ವವನ್ನು ನಂಬಬಾರದು ಎಂದು ನಾನು ಹೇಳುವುದು ಇದಕ್ಕೇ.

ಚರ್ನ್ ಶೇ 4ರಿಂದ 4.4ಕ್ಕೆ ಏರಿದ್ದಕ್ಕೆ ಬೆಲೆಯೇ ಕಾರಣ ಎಂದು ಗೊತ್ತಾಗುವುದು ಹೇಗೆ? ಚರ್ನ್ ಋತುವಿನ ಜೊತೆ ಬದಲಾಗುತ್ತದೆ. ಸೇರಿ ಎಷ್ಟು ಕಾಲವಾಯಿತು ಎಂಬುದರ ಜೊತೆಗೂ ಬದಲಾಗುತ್ತದೆ. ಹೊಸದಾಗಿ ಸೇರಿದವರು ಬೇಗ ಬಿಡುತ್ತಾರೆ, ಹಳಬರು ನಿಲ್ಲುತ್ತಾರೆ. ಏರಿಕೆಗೆ ಮುಂಚೆ ದೊಡ್ಡ ರಿಯಾಯಿತಿ ಕೊಟ್ಟು ಜನರನ್ನು ಸೇರಿಸಿಕೊಂಡಿದ್ದರೆ ಬೆಲೆ ಮುಟ್ಟದಿದ್ದರೂ ಚರ್ನ್ ಏರುತ್ತಿತ್ತು. ಆದ್ದರಿಂದ ಒಂದೇ ವಯಸ್ಸಿನ ಚಂದಾಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ರೋಗಿಗಳ ಬದುಕುಳಿಯುವ ಅವಧಿಯನ್ನು ಅಂದಾಜು ಮಾಡಲು 1958ರಲ್ಲಿ ಕಪ್ಲಾನ್ ಮತ್ತು ಮೇಯರ್ ಕೊಟ್ಟ ವಿಧಾನ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಇನ್ನೂ ಬಿಟ್ಟಿರದವರನ್ನೂ ಅದು ಸರಿಯಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಕಾರ್ಡ್ ಅವಧಿ ಮುಗಿದು ಹಣ ಕಟ್ಟಾಗದೇ ಹೋದವರನ್ನು ಬೇರೆ ತೆಗೆದಿಡಬೇಕು. ವಾರ್ಷಿಕ ಚಂದಾದವರಿಗೆ ಹೊಸ ಬೆಲೆ ತಟ್ಟುವುದು ನವೀಕರಣದ ದಿನ, ಅವರನ್ನು ಆ ದಿನದಿಂದಲೇ ಎಣಿಸಬೇಕು.

ಆದರೂ ಬೆಲೆ ಏರದ ಒಂದು ಗುಂಪು ಪಕ್ಕದಲ್ಲಿ ಇಲ್ಲದಿದ್ದರೆ ಋತುವನ್ನು ಬೆಲೆಯಿಂದ ಬೇರ್ಪಡಿಸಲಾಗದು. ನಮ್ಮ ಕಲ್ಪಿತ ಸೇವೆಯಲ್ಲಿ ಹಳೇ ಬೆಲೆಯಲ್ಲೇ ಉಳಿಸಿದ ಗುಂಪಿನ ಚರ್ನ್ ಕೂಡ ಅದೇ ಅವಧಿಯಲ್ಲಿ ಶೇ 4.2ಕ್ಕೆ ಏರಿತ್ತು ಎಂದಿಟ್ಟುಕೊಳ್ಳಿ. ಆಗ ಬೆಲೆಯಿಂದಾದ ಏರಿಕೆ 0.4 ಅಲ್ಲ, 0.2 ಅಷ್ಟೇ. ದೀರ್ಘಕಾಲದ ಉತ್ತರ -0.68ರಿಂದ ಸುಮಾರು -0.47ಕ್ಕೆ ಬರುತ್ತದೆ.

ಇಂಥ ಗುಂಪು ತಾನಾಗೇ ಹುಟ್ಟಿದ ಸಂದರ್ಭವೂ ನೆಟ್‌ಫ್ಲಿಕ್ಸ್‌ನದೇ. 2014ರ ಮೇ ತಿಂಗಳಲ್ಲಿ ಅಮೆರಿಕದ ಹೊಸ ಚಂದಾದಾರರಿಗೆ ದರವನ್ನು 7.99ರಿಂದ 8.99 ಡಾಲರಿಗೆ ಏರಿಸಿ, ಹಳಬರಿಗೆ ಎರಡು ವರ್ಷ ಹಳೇ ದರವನ್ನೇ ಉಳಿಸಿತು. 2016ರಲ್ಲಿ ಆ ರಿಯಾಯಿತಿ ಹಂತಹಂತವಾಗಿ ಮುಗಿಯಿತು. ಒಂದೇ ಸಮಯದಲ್ಲಿ ಕೆಲವರಿಗೆ ಏರಿಕೆ ತಟ್ಟಿದೆ, ಕೆಲವರಿಗೆ ಇನ್ನೂ ಇಲ್ಲ. ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಸ್ಥಿತಿ ಸಿಗುವುದು ಕಷ್ಟ. ಆದರೆ ಆ ವರ್ಷದ ಎರಡನೇ ತ್ರೈಮಾಸಿಕದಲ್ಲಿ ಜಗತ್ತಿನಾದ್ಯಂತ 25 ಲಕ್ಷ ಹೊಸ ಚಂದಾದಾರರ ನಿರೀಕ್ಷೆಯಿದ್ದ ಕಡೆ ನಿವ್ವಳವಾಗಿ ಬಂದವರು ಸುಮಾರು 17 ಲಕ್ಷ. ಸೇರುವವರು ಅಂದುಕೊಂಡಷ್ಟೇ ಬಂದರು, ಚರ್ನ್ ಸ್ವಲ್ಪ ಏರಿತು ಎಂದು ಕಂಪನಿ ಷೇರುದಾರರಿಗೆ ತಿಳಿಸಿತು. ದರ ಏರಿಕೆಯ ಸುದ್ದಿ ಏಪ್ರಿಲ್‌ನಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು, ಕೆಲವರು ಅದನ್ನು ಇನ್ನೊಂದು ಹೊಸ ಏರಿಕೆ ಎಂದುಕೊಂಡರು ಎಂಬುದು ಕಂಪನಿಯ ವಿವರಣೆ. ಅದು ಸರಿಯಿದ್ದರೆ ಬಿಲ್ ಬದಲಾಗುವ ಮೊದಲೇ ಜನ ಹೊರಟಿದ್ದರು. ಹೋಲಿಕೆಯ ಗುಂಪಿಗೂ ಸುದ್ದಿ ತಟ್ಟಿದರೆ ಎರಡು ಗುಂಪಿನ ವ್ಯತ್ಯಾಸ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಇದನ್ನು ಪತ್ತೆ ಹಚ್ಚಲು ಒಂದು ದಾರಿ ಇದೆ: ಏರಿಕೆ ತಟ್ಟದ ಗುಂಪಿನ ಚರ್ನ್ ಅನ್ನು ವಾರವಾರವೂ ಗುರುತು ಹಾಕಿ, ಘೋಷಣೆಯ ದಿನ ಅಲ್ಲಿ ಉಬ್ಬು ಎದ್ದಿದೆಯೇ ಎಂದು ನೋಡುವುದು.

ಗುಂಪು ಎಷ್ಟು ದೊಡ್ಡದಿರಬೇಕು ಎಂಬಲ್ಲಿ ಬಹಳ ಪ್ರಯೋಗಗಳು ಸೋಲುತ್ತವೆ. ಪ್ರತಿ ಗುಂಪಿನಲ್ಲಿ 10,000 ಜನರಿದ್ದರೆ, ಶೇ 4ರ ಆಸುಪಾಸಿನ ಚರ್ನ್‌ನಲ್ಲಿ ಒಂದು ತಿಂಗಳ ವ್ಯತ್ಯಾಸ ಬರೀ ಆಕಸ್ಮಿಕವಾಗಿಯೇ ಸುಮಾರು 0.5 ಶೇಕಡಾ ಅಂಶದಷ್ಟು ಆಚೀಚೆ ಹೋಗಬಹುದು. ನಾವು ಹುಡುಕುತ್ತಿರುವುದು 0.2. ಗುಂಪಿಗೆ ಒಂದು ಲಕ್ಷ ಜನರಿದ್ದಾಗ ಆ ಅಂಚು 0.17ಕ್ಕೆ ಇಳಿಯುತ್ತದೆ, ಆಗ 0.2 ಕಷ್ಟಪಟ್ಟು ಕಾಣಿಸುತ್ತದೆ. ಚಿಕ್ಕ ಸೇವೆಗಳಿಗೆ ಉಳಿಯುವ ದಾರಿ, ಜಿಗಿತ ಇಳಿದ ಮೇಲಿನ ಆರೆಂಟು ತಿಂಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕುವುದು, ಮತ್ತು ಉತ್ತರವನ್ನು ಒಂದೇ ಅಂಕಿಯಾಗಿ ಹೇಳದೆ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಹೇಳುವುದು.