ಹಗಲು ಹೊತ್ತು ಮನೆಯಲ್ಲಿ ಸಿಗದವರ ತೂಕ

ಬದಿಯಡ್ಕ ಕಡೆಯ ಒಂದು ವಾರ್ಡಿನಲ್ಲಿ ಮನೆಮನೆ ತಿರುಗಿ 200 ಮಂದಿಯನ್ನು ಕೇಳಿದ್ದೇವೆ ಅಂತ ಇಟ್ಟುಕೊಳ್ಳಿ: ‘ದಿನಾ ಕನ್ನಡ ಪೇಪರ್ ಓದ್ತೀರಾ?’ ಹೋದದ್ದು ಹಗಲು ಹೊತ್ತು. ಚಾವಡಿಯಲ್ಲಿ ಅಡಿಕೆ ಸುಲಿಯುತ್ತಾ ಕೂತ ಅಜ್ಜಂದಿರು ಬೇಕಾದಷ್ಟು ಸಿಕ್ಕಿದರು. ಪ್ರಾಯದವರು ಮಂಗಳೂರಿಗೆ ಕೆಲಸಕ್ಕೆ ಹೋಗಿದ್ದರು. ಇಲ್ಲಿನ ಅಂಕಿಗಳೆಲ್ಲ ಲೆಕ್ಕ ತಿಳಿಯಲಿಕ್ಕೆ ನಾನೇ ಹಾಕಿಕೊಂಡವು.

18ರಿಂದ 35 ವಯಸ್ಸಿನವರು 30 ಮಂದಿ ಸಿಕ್ಕಿದರು, ಅವರಲ್ಲಿ ಓದುವವರು 6. 36ರಿಂದ 60ರವರು 90, ಓದುವವರು 45. 60 ದಾಟಿದವರು 80, ಓದುವವರು 64. ಒಟ್ಟು 115, ಅಂದರೆ 57.5%. ಕೇಳಲು ಖುಷಿಯೇ. ಆದರೆ ಅದು ಅಜ್ಜಂದಿರ ಕೃಪೆ ಅಷ್ಟೇ.

ಮತದಾರರ ಪಟ್ಟಿಯಲ್ಲಿ ಪ್ರತಿಯೊಬ್ಬರ ವಯಸ್ಸು ಇರುತ್ತದೆ. ಎಣಿಸಿದಾಗ ಮೂರು ಗುಂಪುಗಳ ಪಾಲು 40%, 40%, 20% ಬಂತು ಅನ್ನೋಣ. ನಮ್ಮ ಸ್ಯಾಂಪಲ್‌ನಲ್ಲಿ ಇದ್ದದ್ದು 15%, 45%, 40%. ಪಟ್ಟಿಯ ಪಾಲನ್ನು ಸ್ಯಾಂಪಲ್‌ನ ಪಾಲಿನಿಂದ ಭಾಗಿಸಿದರೆ ಸಿಗುವುದೇ ತೂಕ:

```
18-35 : 40/15 = 2.67
36-60 : 40/45 = 0.89
60+   : 20/40 = 0.50
```

ಒಬ್ಬ ಹುಡುಗನ ಉತ್ತರ ಈಗ 2.67 ಜನರ ಉತ್ತರ. ಒಬ್ಬ ಅಜ್ಜನದ್ದು ಅರ್ಧ. ಎಲ್ಲರ ತೂಕ ಕೂಡಿಸಿದರೆ ಮತ್ತೆ 200 ಬರಬೇಕು. ಬಾರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ತೂಕ ಹಾಕಿ ನೋಡಿದರೆ ಓದುವವರು 16 + 40 + 32 = 88, ಅಂದರೆ 44%. 57.5 ಎಲ್ಲಿ, 44 ಎಲ್ಲಿ!

ಇದು ಪುಕ್ಕಟೆ ಸಿಗುವುದಿಲ್ಲ. 40% ಜನರ ಪರವಾಗಿ ಬರೀ 30 ಮಂದಿ ಮಾತಾಡುತ್ತಿದ್ದಾರೆ, ಅಲ್ವಾ? ಅವರಲ್ಲಿ ಇಬ್ಬರು ಉತ್ತರ ಬದಲಿಸಿದರೆ ಸಾಕು, ಒಟ್ಟು ಉತ್ತರ ಸುಮಾರು 2.7 ಅಂಶ ಅಲುಗಾಡುತ್ತದೆ. ಇದನ್ನು ಅಳೆಯಲು ಕಿಶ್ ಸೂತ್ರವಿದೆ: ತೂಕಗಳ ಮೊತ್ತದ ವರ್ಗವನ್ನು, ತೂಕಗಳ ವರ್ಗಗಳ ಮೊತ್ತದಿಂದ ಭಾಗಿಸುವುದು. ಇಲ್ಲಿ 40000 / 304.4, ಸುಮಾರು 131. ಕೇಳಿದ್ದು 200 ಜನರನ್ನು, ಕೈಗೆ ಬಂದದ್ದು 131 ಜನರಷ್ಟು ಮಾಹಿತಿ.

ನನಗೆ ಜಾಸ್ತಿ ತಲೆನೋವು ಕೊಡುವುದು ಬೇರೆಯೇ. ಹಗಲು ಮನೆಯಲ್ಲಿದ್ದ ಆ 30 ಮಂದಿ, ಬೆಳಿಗ್ಗೆಯೇ ರೈಲು ಹತ್ತಿದವರ ಹಾಗೆಯೇ ಓದುತ್ತಾರೆ ಅಂತ ಈ ಲೆಕ್ಕ ನಂಬಿಕೊಂಡಿದೆ. ಹಾಗಿಲ್ಲದಿದ್ದರೆ ತೂಕ ಆ ತಪ್ಪನ್ನೇ 2.67 ಪಟ್ಟು ಮಾಡುತ್ತದೆ. ಭಾನುವಾರ ಇನ್ನೊಂದು ಸುತ್ತು ಹೋಗಿ, ಆಗ ಸಿಕ್ಕ ಪ್ರಾಯದವರ ಉತ್ತರವನ್ನು ಮೊದಲಿನದ್ದರ ಪಕ್ಕ ಇಟ್ಟರೆ ಸ್ವಲ್ಪ ಅಂದಾಜು ಸಿಗುತ್ತದೆ.

ಪಟ್ಟಿಯನ್ನೂ ಸುಮ್ನೆ ನಂಬಬೇಡಿ. ಗಲ್ಫ್‌ನಲ್ಲಿರುವವರ ಹೆಸರು ಊರಿನ ಪಟ್ಟಿಯಲ್ಲಿ ಉಳಿದಿರುವುದುಂಟು. ನಮಗೆ ಬೇಕಾದದ್ದು ಈಗ ಊರಲ್ಲಿ ಇರುವವರ ಲೆಕ್ಕವಾದರೆ, ಪ್ರಾಯದವರ ಪಾಲು 40ಕ್ಕಿಂತ ಕಡಿಮೆಯೇ ಇರಬಹುದು. ಹಾಗಾಗಿ ಭಾಗಾಕಾರಕ್ಕೆ ಕೂರುವ ಮೊದಲು, ‘ವಾರ್ಡಿನವರು’ ಅಂದರೆ ಯಾರು ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.