ಹತ್ತು ಅಡಿಯ ರಿಂಗ್, ಉದ್ದ ಕೈಗಳ ಲೆಕ್ಕ

1891ರಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ರೂಪಿಸಿದಾಗ ರಿಂಗ್ ಎಷ್ಟು ಎತ್ತರ ಇರಬೇಕೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಸ್ಪ್ರಿಂಗ್‌ಫೀಲ್ಡ್‌ನ ವ್ಯಾಯಾಮಶಾಲೆಯ ಮೇಲ್ಗಡೆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು, ಬುಟ್ಟಿಯನ್ನು ಅದಕ್ಕೇ ಬಡಿದರು. ಆ 305 ಸೆಂಟಿಮೀಟರ್ ಇಂದಿಗೂ ಹಾಗೆಯೇ ಇದೆ. ಬದಲಾದದ್ದು ಅದರ ಕೆಳಗೆ ನಿಲ್ಲುವವರ ಎತ್ತರ.

ಮೊದಲ ಐವತ್ತು ವರ್ಷ ಇದು ದೊಡ್ಡ ತಕರಾರಾಗಲಿಲ್ಲ. 208 ಸೆಂ.ಮೀ. ಎತ್ತರದ ಜಾರ್ಜ್ ಮೈಕನ್‌ನಂಥವರು ರಿಂಗ್‌ಗೆ ಬೀಳಲಿದ್ದ ಚೆಂಡನ್ನು ತಟ್ಟಿಹಾಕತೊಡಗಿದಾಗ ನಿಯಮ ಬಂತು: ಕೆಳಗಿಳಿಯುತ್ತಿರುವ ಚೆಂಡನ್ನು ರಿಂಗ್ ಬಳಿ ಮುಟ್ಟುವಂತಿಲ್ಲ. 1951ರಲ್ಲಿ, ದಾಳಿ ಮಾಡುವವರು ಹೆಚ್ಚು ಹೊತ್ತು ನಿಲ್ಲಬಾರದ ರಿಂಗ್ ಮುಂದಿನ ಪಟ್ಟಿಯನ್ನು ಆರು ಅಡಿಯಿಂದ ಹನ್ನೆರಡು ಅಡಿಗೆ ಅಗಲಿಸಿದರು. 1964ರಲ್ಲಿ ಹದಿನಾರು ಅಡಿ. 1954ರಲ್ಲಿ ರಿಂಗನ್ನೇ ಹನ್ನೆರಡು ಅಡಿಗೆ ಏರಿಸಿ ಒಂದು ಪಂದ್ಯವನ್ನೂ ಆಡಿ ನೋಡಿದರು. ಪ್ರಯೋಗ ಮುಂದುವರಿಯಲಿಲ್ಲ. ಅದರಲ್ಲಿ ಅಚ್ಚರಿಯೇನಿದೆ? ರಿಂಗ್ ಮೇಲೇರಿದಷ್ಟೂ ಕುಳ್ಳಗಿರುವವನಿಗೇ ಅದು ಹೆಚ್ಚು ದೂರ.

ಈ ನಿಯಮಗಳೆಲ್ಲ ಎತ್ತರವನ್ನು ನೋಡಿದವು, ಆದರೆ ಚೆಂಡು ಮುಟ್ಟುವುದು ಕೈ, ತಲೆಯಲ್ಲ. ಇಬ್ಬರು ಆಟಗಾರರು, ಇಬ್ಬರೂ 200 ಸೆಂ.ಮೀ. ಎತ್ತರ ಎಂದುಕೊಳ್ಳಿ. ಒಬ್ಬನು ಕೈಗಳನ್ನು ಚಾಚಿದಾಗ ಒಂದು ತುದಿಯಿಂದ ಇನ್ನೊಂದಕ್ಕೆ 200, ಮತ್ತೊಬ್ಬನಿಗೆ 212. ಭುಜದ ಅಗಲ ಒಂದೇ ಆದರೆ ಎರಡನೆಯವನ ಪ್ರತಿ ಕೈಯೂ ಆರು ಸೆಂ.ಮೀ. ಉದ್ದ. ನೆಲದ ಮೇಲೆ ನಿಂತು ಮೊದಲನೆಯವನು 265ಕ್ಕೆ ಮುಟ್ಟಿದರೆ ಇವನು 271ಕ್ಕೆ ಮುಟ್ಟುತ್ತಾನೆ. ಇಬ್ಬರೂ 60 ಸೆಂ.ಮೀ. ಜಿಗಿದರೆ, ಬೆರಳು ರಿಂಗ್‌ಗಿಂತ ಮೇಲಿರುವ ಅವಧಿ ಮೊದಲನೆಯವನಿಗೆ ಸುಮಾರು 0.40 ಸೆಕೆಂಡ್, ಎರಡನೆಯವನಿಗೆ 0.46. ಕಾಗದದ ಮೇಲೆ ಇದು ಏನೂ ಅಲ್ಲ. ಚೆಂಡು ಪುಟಿದು ಬರುವ ಕ್ಷಣ ತಪ್ಪಾಗಿ ಅಂದಾಜಾಗಿ ತುಸು ಬೇಗ ಜಿಗಿದುಬಿಟ್ಟರೂ ಇವನ ಕೈ ಇನ್ನೂ ಅಲ್ಲೇ ಇರುತ್ತದೆ. ತರಬೇತುದಾರರು ಎತ್ತರದ ಜೊತೆಗೆ ನಿಂತು ಕೈಯೆತ್ತಿದ ಅಳತೆಯನ್ನೂ ಬರೆದುಕೊಳ್ಳುವುದು ಅದಕ್ಕೇ. ಎತ್ತರ ಹೆಚ್ಚಾದರೆ ತೊಂದರೆಯೂ ಇದೆ: ಚೆಂಡನ್ನು ಪುಟಿಸುವಾಗ ಅದು ನೆಲದಿಂದ ಕೈಗೆ ಹೆಚ್ಚು ದೂರ ಏರಬೇಕಾದರೆ ಎದುರಾಳಿ ಕಸಿಯಲು ಅಷ್ಟೇ ಸಮಯ ಸಿಗುತ್ತದೆ.

ಈಜಿನಲ್ಲಿ ಉದ್ದ ಕೈಯಿಂದ ಗೋಡೆ ಮೊದಲು ಮುಟ್ಟುವುದು ಚಿಕ್ಕ ಲಾಭ. ದೊಡ್ಡದು ನೀರಿನ ಮೇಲ್ಮೈಯ ಅಲೆಯದು: ಉದ್ದ ದೇಹ ಅದೇ ವೇಗದಲ್ಲಿ ಅಲೆಗೆ ಕಡಿಮೆ ಶಕ್ತಿ ಕಳೆದುಕೊಳ್ಳುತ್ತದೆ, ಉದ್ದ ಕೈ ಒಂದೊಂದು ಎಳೆತಕ್ಕೂ ಹೆಚ್ಚು ನೀರು ಹಿಂದಕ್ಕೆ ತಳ್ಳುತ್ತದೆ. 193 ಸೆಂ.ಮೀ. ಎತ್ತರದ ಮೈಕಲ್ ಫೆಲ್ಪ್ಸ್‌ನ ಕೈಹರವು ಸುಮಾರು 201.

ವಾಲಿಬಾಲ್‌ನಲ್ಲಿ ಪುರುಷರ ನೆಟ್ 2.43 ಮೀಟರ್, ಮಹಿಳೆಯರದು 2.24. ಎಷ್ಟು ಜಿಗಿದರೂ ಕೈ ಅದರ ಮೇಲಿಂದ ಆಚೆಗೆ ಬಾಗದಿದ್ದರೆ ಎದುರಾಳಿಯ ಹೊಡೆತ ತಡೆಯುವ ಬ್ಲಾಕ್ ಬಲವಾಗದು. 1998ರಲ್ಲಿ, ಹಿಂದಿನ ಸಾಲಿನಲ್ಲಿ ರಕ್ಷಣೆಗೆಂದೇ ಇರುವ ಲಿಬೆರೋ ಎಂಬ ಸ್ಥಾನವನ್ನು ತಂದಾಗ ಕುಳ್ಳಗಿರುವವರಿಗೂ ಅಂಗಳದಲ್ಲಿ ಜಾಗ ಸಿಕ್ಕಿತು. ಆದರೆ ಆತ ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಹೊಡೆದು ಅಂಕ ಗಳಿಸುವಂತೆಯೂ ಇಲ್ಲ.