ಪ್ಲಾನಿನ ತಂತ್ರಜ್ಞಾನ ಭಾಗದಲ್ಲಿ ಕ್ಲೌಡ್ ಲೆಕ್ಕ ಎಲ್ಲಿ ತಪ್ಪುತ್ತದೆ?

ಸಾಫ್ಟ್‌ವೇರ್ ಸ್ಟಾರ್ಟ್‌ಅಪ್‌ಗಳ ಬಿಸಿನೆಸ್ ಪ್ಲಾನ್‌ನಲ್ಲಿ ತಂತ್ರಜ್ಞಾನದ ಭಾಗ ಹೆಚ್ಚಾಗಿ ಹೀಗಿರುತ್ತದೆ: ಯಾವ ಭಾಷೆಯಲ್ಲಿ ಬರೆಯುತ್ತೇವೆ, ಯಾವ ಡೇಟಾಬೇಸ್ ಬಳಸುತ್ತೇವೆ ಎಂದು ಎರಡು ಪುಟ, ಕೊನೆಯಲ್ಲಿ "ಕ್ಲೌಡ್ ವೆಚ್ಚ: ತಿಂಗಳಿಗೆ 500 ಡಾಲರ್" ಎಂದು ಒಂದು ಸಾಲು. ಹಣ ಹೂಡುವವರಿಗೆ ಬೇಕಾದದ್ದು ಆ ಒಂದು ಸಾಲಿನ ಹಿಂದಿನ ಲೆಕ್ಕ. ಗ್ರಾಹಕರು ಇಮ್ಮಡಿಯಾದರೆ 500 ಎಷ್ಟಾಗುತ್ತದೆ? ಗ್ರಾಹಕರು ಅಷ್ಟೇ ಇದ್ದು ಎರಡು ವರ್ಷ ಕಳೆದರೆ ಎಷ್ಟಾಗುತ್ತದೆ? ಎರಡನೆಯ ಪ್ರಶ್ನೆಗೆ ಉತ್ತರ ಇರುವ ಪ್ಲಾನ್‌ಗಳು ಅಪರೂಪ. ಮಾರ್ಜಿನ್ ಕರಗುವುದು ಅಲ್ಲಿಂದಲೇ.

ಒಂದು ಉದಾಹರಣೆ ಹಿಡಿದು ನೋಡೋಣ. ಕಾರ್ಖಾನೆಗಳ ಯಂತ್ರ ತಪಾಸಣೆ ಮಾಡುವವರು ಮೊಬೈಲ್‌ನಲ್ಲಿ ಫೋಟೊ ತೆಗೆದು ದಾಖಲೆ ಇಡುವ ಸಾಫ್ಟ್‌ವೇರ್ ಎಂದುಕೊಳ್ಳಿ. ಗ್ರಾಹಕ ಕಂಪನಿಗಳು 200. ಒಂದೊಂದರಲ್ಲೂ 10 ಜನ ಬಳಕೆದಾರರು. ಒಬ್ಬರು ದಿನಕ್ಕೆ 20 ಫೋಟೊ, ತಿಂಗಳಲ್ಲಿ 22 ಕೆಲಸದ ದಿನ, ಒಂದು ಫೋಟೊ 3 ಎಂಬಿ. ಹಾಗಾದರೆ ಒಬ್ಬ ಗ್ರಾಹಕನಿಂದ ತಿಂಗಳಿಗೆ 4,400 ಫೋಟೊ, ಅಂದರೆ 13.2 ಜಿಬಿ. ಇನ್ನೂರು ಗ್ರಾಹಕರಿಂದ 2,640 ಜಿಬಿ. ಒಬ್ಬ ಗ್ರಾಹಕ ತಿಂಗಳಿಗೆ ಕೊಡುವ ಶುಲ್ಕ 50 ಡಾಲರ್ ಎಂದಿಟ್ಟುಕೊಳ್ಳೋಣ.

ದರಕ್ಕೆ ಅಮೆಜಾನ್ ಕ್ಲೌಡ್‌ನ `us-east-1` ಪ್ರದೇಶದ ಪಟ್ಟಿ ಬೆಲೆಯನ್ನೇ ಹಿಡಿಯುತ್ತೇನೆ. ಅಲ್ಲಿ ಎಸ್-3 ಸ್ಟ್ಯಾಂಡರ್ಡ್ ಸಂಗ್ರಹಕ್ಕೆ ಜಿಬಿಗೆ ತಿಂಗಳಿಗೆ 0.023 ಡಾಲರ್. ಬೇರೆ ಪ್ರದೇಶ, ಬೇರೆ ಕಂಪನಿಯಾದರೆ ದರ ಬೇರೆ, ಲೆಕ್ಕದ ರೀತಿ ಅದೇ.

2,640 ಜಿಬಿಗೆ 0.023ರಂತೆ ತಿಂಗಳಿಗೆ ಸುಮಾರು 61 ಡಾಲರ್. ಇದನ್ನು 12ರಿಂದ ಗುಣಿಸಿ, ವರ್ಷಕ್ಕೆ 730 ಡಾಲರ್ ಎಂದು ಬರೆದುಬಿಡುತ್ತಾರೆ. ತಪ್ಪು ಇಲ್ಲೇ ಇದೆ. ಮೊದಲ ತಿಂಗಳ ಫೋಟೊ ಎರಡನೆಯ ತಿಂಗಳೂ ಅಲ್ಲೇ ಇರುತ್ತದೆ, ಅದರ ಬಾಡಿಗೆಯನ್ನೂ ಕಟ್ಟಬೇಕು. ಎರಡನೆಯ ತಿಂಗಳಿಗೆ 5,280 ಜಿಬಿ, ಮೂರನೆಯದಕ್ಕೆ 7,920, ಹನ್ನೆರಡನೆಯದಕ್ಕೆ 31,680. ಹನ್ನೆರಡೂ ತಿಂಗಳ ಬಿಲ್ ಕೂಡಿಸಿದರೆ ಸುಮಾರು 4,740 ಡಾಲರ್, ಬರೆದದ್ದರ ಆರೂವರೆ ಪಟ್ಟು. ಒಬ್ಬ ಹೊಸ ಗ್ರಾಹಕನೂ ಬರದೆ ಇಷ್ಟಾಯಿತು ಎಂಬುದನ್ನು ಗಮನಿಸಿ. ಸರ್ವರ್ ವೆಚ್ಚ ಬಳಕೆಯ ಜೊತೆ ಏರುತ್ತದೆ, ಸಂಗ್ರಹದ ವೆಚ್ಚ ಬಳಕೆ ನಿಂತಲ್ಲೇ ನಿಂತರೂ ಏರುತ್ತದೆ. ಇವೆರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿದರೆ ಈ ವ್ಯತ್ಯಾಸ ಮರೆಯಾಗುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ ಸರಿಪಡಿಸುವುದು ಸುಲಭ. B ಕಾಲಮ್‌ನಲ್ಲಿ ಆ ತಿಂಗಳ ಗ್ರಾಹಕರ ಸಂಖ್ಯೆ, C ಯಲ್ಲಿ ಈವರೆಗೆ ಕೂಡಿಬಿದ್ದ ಜಿಬಿ, D ಯಲ್ಲಿ ವೆಚ್ಚ:

```
C3: =C2+B3*13.2
D3: =C3*0.023
```

ಹಿಂದಿನ ತಿಂಗಳ `C2` ಬಂದು ಸೇರುತ್ತಿದೆಯೇ ಎಂಬುದೊಂದೇ ಪರೀಕ್ಷೆ. ಅದು ಇಲ್ಲದಿದ್ದರೆ ಹಾಳೆಯಲ್ಲಿರುವುದು ಸಂಗ್ರಹದ ಲೆಕ್ಕವೇ ಅಲ್ಲ.

ಈಗ ಒಬ್ಬ ಗ್ರಾಹಕನ ಲೆಕ್ಕಕ್ಕೆ ಬನ್ನಿ. ಮೊದಲ ತಿಂಗಳು ಅವನ ಫೋಟೊಗಳಿಗೆ ನಾವು ಕಟ್ಟುವುದು 30 ಸೆಂಟ್. ಮೂವತ್ತಾರನೆಯ ತಿಂಗಳಿಗೆ ಅವನ ಹೆಸರಿನಲ್ಲಿ 475 ಜಿಬಿ ಕೂಡಿರುತ್ತದೆ, ಬಾಡಿಗೆ ಸುಮಾರು 11 ಡಾಲರ್. ಅವನು ಕೊಡುವುದು ಈಗಲೂ 50. ಆದಾಯದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹಳೆಯ ಫೋಟೊಗಳ ಬಾಡಿಗೆಗೇ ಹೋಯಿತು. ಎಲ್ಲರಿಗಿಂತ ನಿಷ್ಠಾವಂತ ಗ್ರಾಹಕನೇ ಎಲ್ಲರಿಗಿಂತ ಕಡಿಮೆ ಲಾಭ ತರುವವನಾಗುತ್ತಾನೆ. ಗ್ರಾಹಕ ಹೆಚ್ಚು ಕಾಲ ಉಳಿದಷ್ಟೂ ಲಾಭ ಹೆಚ್ಚು ಎಂದು ಹಣಕಾಸಿನ ಭಾಗ ಹೇಳುತ್ತಿರುವಾಗ, ತಂತ್ರಜ್ಞಾನದ ಭಾಗ ಅದಕ್ಕೆ ತದ್ವಿರುದ್ಧವಾಗಿ ನಡೆಯುತ್ತಿರುತ್ತದೆ.

ಪರಿಹಾರವಿದೆ, ಅದನ್ನು ಪ್ಲಾನ್‌ನಲ್ಲೇ ಬರೆದಿಡಬೇಕು. ತಪಾಸಣೆಯ ಫೋಟೊವನ್ನು ಜನ ಮೊದಲ ಕೆಲವು ವಾರ ನೋಡುತ್ತಾರೆ, ಆಮೇಲೆ ತಕರಾರು ಬಂದಾಗ ಮಾತ್ರ. ಹಾಗಾಗಿ 90 ದಿನ ಕಳೆದ ಮೂಲ ಫೋಟೊಗಳನ್ನು ಗ್ಲೇಸಿಯರ್ ಇನ್‌ಸ್ಟಂಟ್ ರಿಟ್ರೀವಲ್ ಎಂಬ ಅಗ್ಗದ ಶ್ರೇಣಿಗೆ ತಾನಾಗಿ ಸಾಗಿಸುವ ನಿಯಮ ಹಾಕಬಹುದು. ಅಲ್ಲಿ ಜಿಬಿಗೆ 0.004 ಡಾಲರ್. ಮೂರು ತಿಂಗಳದ್ದು ದುಬಾರಿ ಶ್ರೇಣಿಯಲ್ಲಿ, ಉಳಿದ ಮೂವತ್ತಮೂರು ತಿಂಗಳದ್ದು ಅಗ್ಗದಲ್ಲಿ ಇದ್ದರೆ 11 ಡಾಲರ್ ಇದ್ದದ್ದು 3ರ ಒಳಗೆ ಬರುತ್ತದೆ. ಆದರೆ ಮೂರು ಷರತ್ತುಗಳನ್ನು ಲೆಕ್ಕಕ್ಕೆ ಹಿಡಿಯಬೇಕು: ಅಲ್ಲಿಂದ ತೆಗೆದು ನೋಡಿದರೆ ಜಿಬಿಗೆ 0.03 ಡಾಲರ್ ಶುಲ್ಕ, ಸಾಗಿಸಲು ಸಾವಿರ ಫೈಲಿಗೆ 0.02 ಡಾಲರ್, ಮತ್ತು 90 ದಿನದೊಳಗೆ ಅಳಿಸಿದರೂ 90 ದಿನದ ಬಾಡಿಗೆ. ಪುಟ್ಟ ಪುಟ್ಟ ಫೈಲುಗಳಿದ್ದರೆ ಈ ಉಪಾಯ ಉಲ್ಟಾ ಹೊಡೆಯಬಹುದು, ಏಕೆಂದರೆ ಅಲ್ಲಿ 128 ಕೆಬಿಗಿಂತ ಚಿಕ್ಕ ಫೈಲಿಗೂ 128 ಕೆಬಿಯ ಬಾಡಿಗೆಯೇ. 3 ಎಂಬಿ ಫೋಟೊಗೆ ಆ ತೊಂದರೆ ಇಲ್ಲ. ಎಷ್ಟು ವರ್ಷ ಇಟ್ಟು ಆಮೇಲೆ ಅಳಿಸುತ್ತೇವೆ ಎಂಬುದನ್ನೂ ನಿರ್ಧರಿಸಿ. ಗ್ರಾಹಕರ ಒಪ್ಪಂದದಲ್ಲಿ "ಶಾಶ್ವತವಾಗಿ" ಎಂದು ಮಾರಾಟದವರು ಒಮ್ಮೆ ಬರೆದುಕೊಟ್ಟರೆ, ಎಂಜಿನಿಯರ್‌ಗಳು ಏನು ಮಾಡಿದರೂ ಅದು ಕೂಡುತ್ತಲೇ ಹೋಗುತ್ತದೆ.

ಎರಡನೆಯ ಕುಳಿ ಹೊರಹೋಗುವ ಡೇಟಾ. ಇಂಟರ್ನೆಟ್‌ನಿಂದ ಕ್ಲೌಡ್ ಒಳಕ್ಕೆ ಡೇಟಾ ಕಳಿಸಲು ದುಡ್ಡಿಲ್ಲ. ಇಂಟರ್ನೆಟ್‌ಗೆ ಹೊರಗೆ ಕಳಿಸಲು, ತಿಂಗಳಿಗೆ ಮೊದಲ 100 ಜಿಬಿ ಬಿಟ್ಟು, ಜಿಬಿಗೆ 0.09 ಡಾಲರ್. ಅಂದರೆ ಒಂದು ಜಿಬಿಯನ್ನು ಒಮ್ಮೆ ತೋರಿಸುವ ಖರ್ಚಿನಲ್ಲಿ ಅದನ್ನು ಸುಮಾರು ನಾಲ್ಕು ತಿಂಗಳು ಇಟ್ಟುಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ ಒಂದು ಫೋಟೊವನ್ನು ಸರಾಸರಿ ಮೂರು ಬಾರಿ ನೋಡುತ್ತಾರೆ ಎಂದರೆ 7,920 ಜಿಬಿ ಹೊರಹೋಗುತ್ತದೆ, ತಿಂಗಳಿಗೆ ಸುಮಾರು 704 ಡಾಲರ್. ಪಟ್ಟಿಯಲ್ಲಿ ನೋಡುವಾಗ 200 ಕೆಬಿಯ ಚಿಕ್ಕ ಪ್ರತಿಯನ್ನು ತೋರಿಸಿ, ಹತ್ತರಲ್ಲಿ ಒಂದು ಸಲ ಮಾತ್ರ ಮೂಲ ಚಿತ್ರ ತೆರೆಯುವಂತೆ ಮಾಡಿದರೆ ಅದು 1,270 ಜಿಬಿಗೆ ಇಳಿದು ಬಿಲ್ ಸುಮಾರು 105 ಡಾಲರ್ ಆಗುತ್ತದೆ. ಚಿಕ್ಕ ಪ್ರತಿಗಳಿಂದ ಸಂಗ್ರಹ ಶೇ 7ರಷ್ಟು ಹೆಚ್ಚುತ್ತದೆ, ಅಷ್ಟೇ. ಹಾಗಾಗಿ "ಒಂದು ಫೋಟೊ ಎಷ್ಟು ಬಾರಿ, ಯಾವ ಗಾತ್ರದಲ್ಲಿ ನೋಡಲ್ಪಡುತ್ತದೆ" ಎಂಬ ಊಹೆ ಪ್ಲಾನ್‌ನಲ್ಲಿ ಬರಹದಲ್ಲಿ ಇರಲೇಬೇಕು. ಸರ್ವರ್ ಯಾವ ಸೈಜಿನದು ಎಂಬುದಕ್ಕಿಂತ ಇದು ಹೆಚ್ಚು ಮುಖ್ಯ.

ಆರಂಭದಲ್ಲಿ ಕ್ಲೌಡ್ ಕಂಪನಿಗಳು ಕೊಡುವ ಉಚಿತ ಕ್ರೆಡಿಟ್ ಬಗ್ಗೆ ಒಂದೇ ಮಾತು. ಅದಕ್ಕೆ ಅವಧಿ ಇರುತ್ತದೆ. ಅದನ್ನು ನಗದು ಹರಿವಿನ ಹಾಳೆಯಲ್ಲಿ ಬೇರೆ ಸಾಲಾಗಿ ತೋರಿಸಿ. ಗ್ರಾಹಕನ ಮೇಲಿನ ವೆಚ್ಚವನ್ನು ಮಾತ್ರ ಪೂರ್ತಿ ಪಟ್ಟಿ ಬೆಲೆಯಲ್ಲೇ ಲೆಕ್ಕ ಹಾಕಿ. ಇಲ್ಲದಿದ್ದರೆ ಕ್ರೆಡಿಟ್ ಮುಗಿದ ತಿಂಗಳು ಮಾರ್ಜಿನ್ ಯಾಕೆ ಕುಸಿಯಿತು ಎಂದು ಯಾರಿಗೂ ಹೇಳಲಾಗುವುದಿಲ್ಲ.

ಸ್ವಂತ ಕಟ್ಟುವುದೋ, ಕೊಳ್ಳುವುದೋ ಎಂಬ ಪ್ರಶ್ನೆಯಲ್ಲೂ ಎಡವುವುದು ಹೀಗೆಯೇ: ಬೆಲೆ ಯಾವುದರ ಜೊತೆ ಏರುತ್ತದೆ ಎಂದು ನೋಡದೆ ಇವತ್ತಿನ ಬೆಲೆ ನೋಡುವುದು. ಲಾಗಿನ್ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಹೊರಗಿನ ಸೇವೆ ಕೊಂಡರೆ ಸಾಮಾನ್ಯವಾಗಿ ಸಕ್ರಿಯ ಬಳಕೆದಾರರ ಲೆಕ್ಕದಲ್ಲಿ ಶುಲ್ಕ. ನಿಮಗೆ ಬಂದ ಕೊಟೇಶನ್‌ನಲ್ಲಿ ಬಳಕೆದಾರನಿಗೆ 2 ಸೆಂಟ್ ಎಂದಿದ್ದರೆ, 2,000 ಜನಕ್ಕೆ ತಿಂಗಳಿಗೆ 40 ಡಾಲರ್. ಯಾರು ತಾನೇ ಬೇಡ ಎನ್ನುತ್ತಾರೆ? ಆದರೆ ಅದೇ ಕೊಟೇಶನ್‌ನ ಕೆಳಗೆ ಇನ್ನೊಂದು ದರ ಇರುತ್ತದೆ: ಸಿಬ್ಬಂದಿ ತಮ್ಮ ಕಂಪನಿಯ ಲಾಗಿನ್‌ನಿಂದಲೇ ಒಳಬರಲು ದೊಡ್ಡ ಕಂಪನಿಗಳು ಕೇಳುವ ಸಿಂಗಲ್ ಸೈನ್-ಆನ್‌ಗೆ, ಒಂದು ಗ್ರಾಹಕ ಕಂಪನಿಯ ಸಂಪರ್ಕಕ್ಕೆ ತಿಂಗಳಿಗೆ 100 ಡಾಲರ್ ಎಂದುಕೊಳ್ಳಿ. ಇನ್ನೂರರಲ್ಲಿ 30 ಗ್ರಾಹಕರು ಅದನ್ನು ಕೇಳಿದರೆ ಬಿಲ್ 3,040 ಡಾಲರ್. ಇಲ್ಲಿ ಬೆಲೆಯನ್ನು ಏರಿಸಿದ್ದು ಬಳಕೆದಾರರ ಸಂಖ್ಯೆಯಲ್ಲ. ತಿಂಗಳಿಗೆ 50 ಡಾಲರ್ ಕೊಡುವ ಗ್ರಾಹಕನಿಗೆ 100 ಡಾಲರ್‌ನ ಸೌಲಭ್ಯ ಸೇರಿಸಿ ಕೊಡಲಾಗದು, ಹಾಗಾಗಿ ಅದಕ್ಕೆ ಬೇರೆಯೇ ದುಬಾರಿ ಪ್ಯಾಕೇಜ್ ಬೇಕು ಎಂಬ ತೀರ್ಮಾನವೂ ಇಲ್ಲಿಂದಲೇ ಹುಟ್ಟುತ್ತದೆ.

ಇನ್ನು ಸ್ವಂತ ಕಟ್ಟುವ ಲೆಕ್ಕ. ಪಾಸ್‌ವರ್ಡ್ ಇಟ್ಟು ಹೋಲಿಸುವುದು ಒಂದು ವಾರದ ಕೆಲಸ ನಿಜ. ಆಮೇಲೆ ಪಾಸ್‌ವರ್ಡ್ ಮರೆತವರಿಗೆ ಇಮೇಲ್, ಎರಡನೇ ಹಂತದ ಪರಿಶೀಲನೆ, ಕಳೆದ ಫೋನ್‌ನಿಂದ ಲಾಗ್‌ಔಟ್ ಮಾಡಿಸುವುದು, ಊಹಿಸಿ ನುಗ್ಗುವವರನ್ನು ತಡೆಯುವ ಮಿತಿ, ಯಾರು ಯಾವಾಗ ಬಂದರೆಂಬ ದಾಖಲೆ, ಕೊನೆಗೆ ಸ್ಯಾಮ್ಲ್ ಎಂಬ ಲಾಗಿನ್ ಮಾನದಂಡದ ಮೂಲಕ ಸಿಂಗಲ್ ಸೈನ್-ಆನ್. ಇಷ್ಟಕ್ಕೆ ಒಬ್ಬ ಎಂಜಿನಿಯರ್‌ನ ಮೂರು ತಿಂಗಳು ಎಂದಿಟ್ಟು, ತಿಂಗಳಿಗೆ 6,000 ಡಾಲರ್ ಹಿಡಿದರೆ 18,000. ಪ್ಲಾನ್‌ಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ನಿರ್ವಹಣೆಗೆ ವರ್ಷಕ್ಕೆ ಎರಡು ತಿಂಗಳ ಕೆಲಸವನ್ನಾದರೂ ಸೇರಿಸಿ, ಅದು 12,000. ಹೆಚ್ಚೆನಿಸಿದರೆ ಇದನ್ನು ನೋಡಿ: 2024ರ ಸೆಪ್ಟೆಂಬರ್‌ನಲ್ಲಿ ಬಹಳ ಬಳಕೆಯಲ್ಲಿದ್ದ `ruby-saml` ಲೈಬ್ರರಿಯಲ್ಲಿ ಸಹಿ ಪರಿಶೀಲನೆಯ ಗಂಭೀರ ದೋಷ ಬಯಲಾಯಿತು (`CVE-2024-45409`). ದಾಳಿಕೋರ ಬೇರೆ ಬಳಕೆದಾರನ ಹೆಸರಿನಲ್ಲಿ ಒಳಬರಲು ಅದರಲ್ಲಿ ದಾರಿಯಿತ್ತು. ಸ್ವಂತ ಕಟ್ಟಿದವರ ತಂಡದಲ್ಲಿ ಇಂಥದ್ದನ್ನು ಗಮನಿಸಿ ಕೂಡಲೇ ಸರಿಪಡಿಸುವವರು ಒಬ್ಬರು ಇರಲೇಬೇಕು.

ಮೂರು ವರ್ಷಕ್ಕೆ ಸ್ವಂತದ್ದು 54,000, ಅಂದರೆ ತಿಂಗಳಿಗೆ 1,500 ಡಾಲರ್. ಕೊಂಡದ್ದಕ್ಕೆ 40 ಮತ್ತು ಸಂಪರ್ಕಕ್ಕೆ 100ರಂತೆ. ಎರಡೂ ಸಮವಾಗುವುದು ಸುಮಾರು 15 ಸಂಪರ್ಕಗಳಲ್ಲಿ. ಪ್ಲಾನ್‌ನಲ್ಲಿ ಬರೆಯಬೇಕಾದ ವಾಕ್ಯ ಇದು: "ಈಗ ಕೊಳ್ಳುತ್ತೇವೆ. ಸಿಂಗಲ್ ಸೈನ್-ಆನ್ ಗ್ರಾಹಕರು 15 ಮುಟ್ಟುವ ಹೊತ್ತಿಗೆ ಮರುಪರಿಶೀಲಿಸುತ್ತೇವೆ." ನನ್ನ ಪ್ರಕಾರ ಮೊದಲ ವರ್ಷ ಕೊಳ್ಳುವುದೇ ಸರಿ, ಏಕೆಂದರೆ ಆ ಮೂರು ತಿಂಗಳಲ್ಲಿ ಗ್ರಾಹಕ ದುಡ್ಡು ಕೊಡುವ ತಪಾಸಣೆಯ ಭಾಗ ತಯಾರಾಗಬೇಕು. ಕೀಕ್ಲೋಕ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರ್ ಮೂರನೆಯ ದಾರಿ. ಅದಕ್ಕೆ ಲೈಸೆನ್ಸ್ ಶುಲ್ಕವಿಲ್ಲ, ಆದರೆ ಸರ್ವರ್, ಡೇಟಾಬೇಸ್, ಆಗಾಗ ಬರುವ ಹೊಸ ಆವೃತ್ತಿಗಳ ಕೆಲಸ ನಿಮ್ಮದೇ. ಅದನ್ನು "ಉಚಿತ" ಎಂದು ಹಾಳೆಯಲ್ಲಿ ಸೊನ್ನೆ ಹಾಕಬೇಡಿ.

ಮರುಪರಿಶೀಲನೆ ಎಂದು ಬರೆದರೆ ಸಾಲದು, ಹೊರಬರುವ ದಾರಿ ಮೊದಲ ದಿನವೇ ತೆರೆದಿರಬೇಕು. ಕೊಳ್ಳುವ ಮುಂಚೆ ಮಾರುವವರನ್ನು ಲಿಖಿತವಾಗಿ ಕೇಳಿ: ಪಾಸ್‌ವರ್ಡ್‌ಗಳನ್ನು ನೀವು ಉಳಿಸಿಡುವ ಗುಪ್ತ ರೂಪವಾದ ಹ್ಯಾಶ್‌ಗಳನ್ನು ನಮಗೆ ಕೊಡುತ್ತೀರಾ, ಯಾವ ರೂಪದಲ್ಲಿ? ಕೊಡದಿದ್ದರೆ ಬಿಡುವ ದಿನ 2,000 ಜನರೂ ಹೊಸ ಪಾಸ್‌ವರ್ಡ್ ಹಾಕಿಕೊಳ್ಳಬೇಕು. ನಿಮ್ಮ ಡೇಟಾಬೇಸ್‌ನ ಎಲ್ಲ ಟೇಬಲ್‌ಗಳಲ್ಲೂ ನೀವೇ ಕೊಟ್ಟ ಬಳಕೆದಾರ ಸಂಖ್ಯೆ ಇರಲಿ. ಮಾರುವವರು ಕೊಟ್ಟ ಸಂಖ್ಯೆ ಒಂದೇ ಒಂದು ಕಾಲಮ್‌ನಲ್ಲಿ, ನಿಮ್ಮದರ ಪಕ್ಕದಲ್ಲಿ ಇರಲಿ. ಸ್ಯಾಮ್ಲ್ ಹೊಂದಿಸುವಾಗ ಗ್ರಾಹಕರ ಐಟಿ ವಿಭಾಗ ತಮ್ಮ ಕಡೆ ಎರಡು ವಿಳಾಸಗಳನ್ನು ತುಂಬಿಕೊಳ್ಳುತ್ತದೆ, `ACS URL` ಮತ್ತು `Entity ID`. ಅವು ಮಾರುವವರ ಡೊಮೈನ್‌ನಲ್ಲಿದ್ದರೆ ನೀವು ಬದಲಾದ ದಿನ ಹದಿನೈದೂ ಕಂಪನಿಗಳ ಐಟಿ ವಿಭಾಗಗಳ ಬಾಗಿಲು ತಟ್ಟಬೇಕು. ಒಂದೊಂದಕ್ಕೂ ಅವರವರ ಅನುಮತಿ, ಅವರವರ ಸಮಯ. ನಿಮ್ಮದೇ ಡೊಮೈನ್‌ನ ಅಡಿಯಲ್ಲಿ ಅವನ್ನು ಇಡಲು ಬಿಡುವ ಸೇವೆಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೇಳಿದರೂ, ಕೊಡಿ.